ಕಟ್ಟಿದ ತೆರಿಗೆಯನ್ನೇ ಬಡ್ಡಿ ಸಮೇತ ಮತ್ತೆ ಕಟ್ಟು ಅಂದರೆ? ಹೂಲಿಯ ಒಂದು ಅಂಗಡಿಯ ಲೆಕ್ಕ

2025ರ ಜುಲೈನಲ್ಲಿ ಯುಪಿಐ ವಹಿವಾಟು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಹೋದಾಗ ಇಡೀ ರಾಜ್ಯ ಮಾತಾಡಿತು. ಬೇಕರಿ, ತರಕಾರಿ ಅಂಗಡಿಗಳ ಕ್ಯೂಆರ್ ಕೋಡ್ ಕಿತ್ತುಹಾಕಿದ ಫೋಟೊಗಳು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಆದರೆ ಅದಕ್ಕೂ ಮೊದಲು ಇನ್ನೊಂದು ಬಗೆಯ ನೋಟಿಸು ಸದ್ದಿಲ್ಲದೆ ಊರೂರಿನ ಅಂಗಡಿಗಳಿಗೆ ಬಂದು ಹೋಗಿತ್ತು. ಅದು ಬಂದದ್ದು ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡು, ಬಿಲ್ ಹಾಕಿ, ತೆರಿಗೆ ಕಟ್ಟುತ್ತಿದ್ದವರಿಗೆ. "ನೀವು ಇನ್‌ಪುಟ್ ಕ್ರೆಡಿಟ್ ತಗೊಂಡಿದ್ದು ಗಡುವು ಮುಗಿದ ಮೇಲೆ. ಹಾಗಾಗಿ ಅಷ್ಟನ್ನೂ ಬಡ್ಡಿ ಸಮೇತ ವಾಪಸ್ ಕಟ್ಟಿ" ಎಂಬುದು ಅದರ ಸಾರ.

ಸವದತ್ತಿ ತಾಲ್ಲೂಕಿನ ಹೂಲಿಯಲ್ಲಿ ಪೈಪು, ಪಂಪ್‌ಸೆಟ್ ಸಾಮಾನಿನ ಸಣ್ಣ ಅಂಗಡಿ ಇಟ್ಟುಕೊಂಡಿರುವ ನಮ್ಮ ಕಾಕಾಗೆ ಇಂಥದ್ದೊಂದು ನೋಟಿಸು ಬಂದಿತ್ತು. ಪಂಚಲಿಂಗೇಶ್ವರ ಗುಡಿ ನೋಡಲು ಹೂಲಿಗೆ ಬರುವವರು ಈ ಅಂಗಡಿಯನ್ನು ಗಮನಿಸುವುದೂ ಇಲ್ಲ, ಅಷ್ಟು ಚಿಕ್ಕದು. 2024ರ ಜನವರಿಯಲ್ಲಿ ಕಾಕಾ ಹುಬ್ಬಳ್ಳಿಯಲ್ಲಿದ್ದ ನನಗೆ ಫೋನ್ ಮಾಡಿದ.

"ತಮ್ಮಾ, ನೀ ಬಿ.ಕಾಂ ಕಲ್ತಾವ. ಒಂದ್ ಲಕ್ಷ ತೊಂಬತ್ತ್ ಸಾವಿರ ಕಟ್ರಿ ಅಂತ ಬಂದೈತಿ. ನಾ ಏನ್ ಕಳುವು ಮಾಡೇನೋ?"

ಅವನು ಕಳವು ಮಾಡಿರಲಿಲ್ಲ. ಆದರೆ ನೋಟಿಸು ಕಾನೂನಿನ ಪ್ರಕಾರವೇ ಇತ್ತು. ಈ ಎರಡೂ ಮಾತು ಒಟ್ಟಿಗೆ ನಿಜವಾಗೋದು ಹೇಗೆ ಅಂತ ಬಿಡಿಸಿ ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇನ್‌ಪುಟ್ ಕ್ರೆಡಿಟ್ ಅಂದರೆ ಇಷ್ಟೇ

ಕಾಕಾ ಸಗಟು ವ್ಯಾಪಾರಿಯಿಂದ 6 ಲಕ್ಷ ರೂಪಾಯಿಯ ಪೈಪು ತರುತ್ತಾನೆ ಅನ್ನಿ. 18% ಜಿಎಸ್‌ಟಿ ಅಂದರೆ 1,08,000 ರೂಪಾಯಿ. ಅದನ್ನು ಕಾಕಾ ಬಿಲ್ಲಿನ ಜೊತೆಗೇ ಸಗಟು ವ್ಯಾಪಾರಿಗೆ ಕೊಡುತ್ತಾನೆ. ಆತ ಸರ್ಕಾರಕ್ಕೆ ಕಟ್ಟುತ್ತಾನೆ. ಅದೇ ಪೈಪನ್ನು ಕಾಕಾ ರೈತರಿಗೆ 6,60,000ಕ್ಕೆ ಮಾರಿದರೆ ಅದರ ಮೇಲಿನ ತೆರಿಗೆ 1,18,800 ರೂಪಾಯಿ. ತಾನು ಆಗಲೇ ಕೊಟ್ಟಿರುವ 1,08,000 ಕಳೆದು ಉಳಿದ 10,800 ರೂಪಾಯಿಯನ್ನು ಕಾಕಾ ನಗದಾಗಿ ಕಟ್ಟುತ್ತಾನೆ.

ಈ ಕಳೆಯುವ ಮೊತ್ತವೇ ಇನ್‌ಪುಟ್ ಕ್ರೆಡಿಟ್. ಇಬ್ಬರದ್ದೂ ಕೂಡಿಸಿದರೆ ಸರ್ಕಾರಕ್ಕೆ ಸೇರುವುದು 1,18,800. ರೈತರಿಗೆ ಮಾರಿದ ಬೆಲೆಗೆ ಸರಿಯಾಗಿ 18%. ಒಂದೇ ಸಾಮಾನಿನ ಮೇಲೆ ಎರಡೆರಡು ಸಲ ತೆರಿಗೆ ಬೀಳಬಾರದು ಎಂಬುದೇ ಜಿಎಸ್‌ಟಿ ತಂದಾಗ ಕೊಟ್ಟ ಮುಖ್ಯ ಭರವಸೆ.

ಮೇಲಿನ ಅಂಕಿಗಳು ಸುಮ್ಮನೆ ಉದಾಹರಣೆಗೆ ಹೇಳಿದ್ದಲ್ಲ. 2019ರ ಜನವರಿಯಿಂದ ಮಾರ್ಚ್‌ವರೆಗಿನ ಕಾಕಾನ ಅಂಗಡಿಯ ಲೆಕ್ಕವನ್ನೇ ದುಂಡಾಗಿಸಿ ಕೊಟ್ಟಿದ್ದೇನೆ.

ತಡ ಆದದ್ದು ಹೇಗೆ

ಆ ಜನವರಿಯಲ್ಲಿ ಕಾಕಾಗೆ ಹೃದಯದ ಆಪರೇಷನ್ ಆಯಿತು. ಅಂಗಡಿಯಲ್ಲಿ ಕಾಕು ಕೂತಳು. ಬಿಲ್ ಹರಿದಳು, ಸಾಮಾನು ಕೊಟ್ಟಳು. ಆದರೆ ತಿಂಗಳ ರಿಟರ್ನ್, ಅಂದರೆ GSTR-3B, ಹಾಕಿಸುವುದು ಅವಳಿಗೆ ಗೊತ್ತಾಗಲಿಲ್ಲ. ಕಾಕಾ ಮತ್ತೆ ಅಂಗಡಿಗೆ ಬಂದು ಕೂರುವ ಹೊತ್ತಿಗೆ ಆಗಸ್ಟ್ ಬಂತು. 2019ರ ಆ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಕಡೆ ಹೊಲ ಮನೆ ನುಂಗಿದ್ದು ನಿಮಗೆ ನೆನಪಿರಬಹುದು. ಹೂಲಿ ನದಿಯ ದಂಡೆಯ ಮೇಲಿಲ್ಲ. ಆದರೆ ಕಾಕಾನ ಹತ್ತಿರ ಉದ್ರಿ ಒಯ್ದವರಲ್ಲಿ ನದಿ ದಂಡೆಯ ರೈತರು ಬಹಳ ಮಂದಿ ಇದ್ದರು. ಉದ್ರಿ ಬರಲಿಲ್ಲ.

ಇಲ್ಲಿ ಜಿಎಸ್‌ಟಿಯ ಎರಡು ನಿಯಮ ತಿಳಿದಿರಬೇಕು. ಒಂದು, ಆ ತಿಂಗಳ ತೆರಿಗೆ ಪೂರ್ತಿ ಕಟ್ಟದೆ 3ಬಿ ರಿಟರ್ನ್ ಸಲ್ಲಿಸೋಕೆ ಆಗಲ್ಲ. ಗಿರಾಕಿ ನಿಮಗೆ ದುಡ್ಡು ಕೊಟ್ಟಿದ್ದಾನೋ ಇಲ್ಲವೋ ಪೋರ್ಟಲ್ ಕೇಳುವುದಿಲ್ಲ. ಎರಡು, ಹಿಂದಿನ ತಿಂಗಳದ್ದು ಹಾಕದೆ ಮುಂದಿನದು ಹಾಕೋಕೆ ಆಗಲ್ಲ. ಜನವರಿಯದು ನಿಂತರೆ ಫೆಬ್ರುವರಿ, ಮಾರ್ಚ್, ಏಪ್ರಿಲ್ ಎಲ್ಲವೂ ಸಾಲಾಗಿ ನಿಲ್ಲುತ್ತವೆ. ಆರು ತಿಂಗಳು ರಿಟರ್ನ್ ಬಾರದಿದ್ದರೆ ನೋಂದಣಿಯನ್ನೇ ರದ್ದು ಮಾಡುವ ಅಧಿಕಾರ ಇಲಾಖೆಗಿದೆ. ಕಾಕಾನದು ರದ್ದಾಗಲಿಲ್ಲ, ಅದೊಂದು ಪುಣ್ಯ.

2020ರಲ್ಲಿ ಕೋವಿಡ್ ಹೊತ್ತಿಗೆ ಕೇಂದ್ರ ಸರ್ಕಾರ ಒಂದು ರಿಯಾಯಿತಿ ಕೊಟ್ಟಿತು. ಬಾಕಿ ಇರುವ ಹಳೆಯ 3ಬಿಗಳನ್ನು ಜುಲೈ 1ರಿಂದ ಸೆಪ್ಟೆಂಬರ್ 30ರೊಳಗೆ ಹಾಕಿದರೆ ವಿಳಂಬ ಶುಲ್ಕ ಒಂದು ರಿಟರ್ನಿಗೆ 500 ರೂಪಾಯಿ ಮೀರುವುದಿಲ್ಲ ಅಂತ. ಕಾಕಾ ಸೆಪ್ಟೆಂಬರ್ 24ರಂದು ಸವದತ್ತಿಯ ಲೆಕ್ಕದವರ ಹತ್ತಿರ ಕೂತು 2019ರ ಜನವರಿಯಿಂದ 2020ರ ಜುಲೈವರೆಗಿನ 19 ರಿಟರ್ನುಗಳನ್ನು ಒಂದೇ ದಿನ ಹಾಕಿಸಿದ. 9,500 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆ, ಅದರ ಬಡ್ಡಿ ಎಲ್ಲ ಕಟ್ಟಿದ. ಇನ್‌ಪುಟ್ ಕ್ರೆಡಿಟ್‌ನ ಕಾಲಂ ತುಂಬಿದಾಗ ಪೋರ್ಟಲ್ ತಕರಾರು ಮಾಡಲಿಲ್ಲ. "ಎಲ್ಲಾ ಚುಕ್ತಾ ಆತು" ಅಂತ ಕಾಕಾ ಅವತ್ತು ಪೇಢೆ ತಗೊಂಡು ಮನೆಗೆ ಹೋಗಿದ್ದ.

ಸೆಕ್ಷನ್ 16(4) ಹೇಳುವುದೇನು

ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 16(4) ಇನ್‌ಪುಟ್ ಕ್ರೆಡಿಟ್‌ಗೆ ಗಡುವು ಹಾಕುತ್ತದೆ. ಆಗ ಇದ್ದ ನಿಯಮದ ಪ್ರಕಾರ ಒಂದು ಆರ್ಥಿಕ ವರ್ಷದ ಬಿಲ್ಲುಗಳ ಕ್ರೆಡಿಟ್ಟನ್ನು ಆ ವರ್ಷ ಮುಗಿದ ಮೇಲೆ ಬರುವ ಸೆಪ್ಟೆಂಬರ್ ತಿಂಗಳ ರಿಟರ್ನಿನ ಕೊನೇ ದಿನದೊಳಗೆ ತಗೊಳ್ಳಬೇಕು. ವಾರ್ಷಿಕ ರಿಟರ್ನನ್ನು ಅದಕ್ಕೂ ಮೊದಲೇ ಹಾಕಿದ್ದರೆ ಅದೇ ಕೊನೆ. 2018-19ರ ಬಿಲ್ಲುಗಳಿಗೆ ಹಾಗೆ ನೋಡಿದರೆ ಗಡುವು 2019ರ ಅಕ್ಟೋಬರ್ 20.

ಈಗ ಕಾಕಾನ ಆ ಒಂದು ದಿನವನ್ನೇ ನೋಡಿ. 2020ರ ಸೆಪ್ಟೆಂಬರ್ 24ರಂದು ಅವನು 2019ರ ಏಪ್ರಿಲ್ ತಿಂಗಳ ರಿಟರ್ನ್ ಹಾಕಿದ. ಏಪ್ರಿಲ್ ಅಂದರೆ 2019-20ನೇ ಸಾಲು, ಅದರ ಗಡುವು 2020ರ ಅಕ್ಟೋಬರ್ 20. ಇನ್ನೂ 26 ದಿನ ಬಾಕಿ ಇತ್ತು, ಕ್ರೆಡಿಟ್ ಸಿಂಧು. ಅದಕ್ಕೂ ಕೆಲವು ನಿಮಿಷ ಮೊದಲು ಅದೇ ಕುರ್ಚಿಯಲ್ಲಿ ಕೂತು ಮಾರ್ಚ್ ತಿಂಗಳದ್ದು ಹಾಕಿದ್ದ. ಮಾರ್ಚ್ ಅಂದರೆ 2018-19, ಅದರ ಗಡುವು ಮುಗಿದು 11 ತಿಂಗಳಾಗಿತ್ತು. ಕ್ರೆಡಿಟ್ ಅಸಿಂಧು. ಮಾರ್ಚ್ 31ರ ಬಿಲ್ಲಿಗೂ ಏಪ್ರಿಲ್ 1ರ ಬಿಲ್ಲಿಗೂ ನಡುವೆ ಇರೋದು ಒಂದು ರಾತ್ರಿ, ಗಡುವಿನಲ್ಲಿ ಬರೋ ವ್ಯತ್ಯಾಸ ಇಡೀ ಒಂದು ವರ್ಷ.

ಸರ್ಕಾರ ರಿಯಾಯಿತಿ ಕೊಟ್ಟದ್ದು ವಿಳಂಬ ಶುಲ್ಕಕ್ಕೆ. ಕ್ರೆಡಿಟ್‌ನ ಗಡುವನ್ನು ಅದು ಮುಟ್ಟಿರಲಿಲ್ಲ. "ತಡವಾದರೂ ಬನ್ನಿ" ಎಂದು ಬಾಗಿಲು ತೆರೆದವರು, ಒಳಗೆ ಬಂದವರ ಕ್ರೆಡಿಟ್ ಸತ್ತುಹೋಗಿದೆ ಅನ್ನೋದನ್ನು ಬಾಗಿಲ ಮೇಲೆ ಬರೆದಿರಲಿಲ್ಲ.

ನೋಟಿಸಿನ ಒಳಗೆ

ನೋಟಿಸು ತಯಾರಾದದ್ದು 2023ರ ಡಿಸೆಂಬರ್‌ನಲ್ಲಿ. ಅಷ್ಟು ತಡವಾಗಿ ಬಂದದ್ದಕ್ಕೂ ಕಾರಣವಿದೆ. 2018-19ನೇ ಸಾಲಿಗೆ ವಂಚನೆಯ ಆರೋಪವಿಲ್ಲದ ಪ್ರಕರಣಗಳಲ್ಲಿ, ಅಂದರೆ ಸೆಕ್ಷನ್ 73ರ ಅಡಿ, ಆದೇಶ ಹೊರಡಿಸಲು ಇಲಾಖೆಗೆ ಇದ್ದ ಕೊನೇ ದಿನ 2024ರ ಏಪ್ರಿಲ್ 30. ನೋಟಿಸು ಅದಕ್ಕೆ ಮೂರು ತಿಂಗಳು ಮೊದಲೇ ಹೋಗಬೇಕು. ಗಡುವು ಹತ್ತಿರ ಬಂದಂತೆ ಇಲಾಖೆ ಹಳೆಯ ರಿಟರ್ನುಗಳನ್ನು ಜಾಲಾಡಿತು. ರಿಟರ್ನ್ ಹಾಕಿದ ತಾರೀಕು ಕಂಪ್ಯೂಟರಿನಲ್ಲೇ ಇರುತ್ತದೆ. ಗಡುವಿನ ತಾರೀಕಿನ ಜೊತೆ ಹೋಲಿಸಿದರೆ ಸಾಕು, ಯಾರೂ ಅಂಗಡಿಗೆ ಬಂದು ನೋಡುವ ಅಗತ್ಯವೇ ಇಲ್ಲ.

ಅಂಚೆಯಲ್ಲಿ ಕಾಗದ ಬರಲಿಲ್ಲ. ನೋಟಿಸು ಪೋರ್ಟಲ್‌ನಲ್ಲಿ "View Additional Notices and Orders" ಎಂಬ ಜಾಗದಲ್ಲಿ ಕೂತಿತ್ತು. ಇಮೇಲ್ ಹೋದದ್ದು ನೋಂದಣಿ ಮಾಡಿಸುವಾಗ ಕೊಟ್ಟಿದ್ದ ಲೆಕ್ಕದವರ ವಿಳಾಸಕ್ಕೆ. ಅವರು ಮೂರು ವಾರದ ನಂತರ ನೋಡಿ ಹೇಳಿದರು. ಉತ್ತರಕ್ಕೆ ಇದ್ದ 30 ದಿನದಲ್ಲಿ ಉಳಿದದ್ದು ಒಂದು ವಾರ.

DRC-01 ಎಂಬ ಆ ಫಾರ್ಮಿನಲ್ಲಿ ಮೂರು ಮೊತ್ತ ಇದ್ದವು. ತೆರಿಗೆ 1,08,000. ಅದರ ಮೇಲೆ ವರ್ಷಕ್ಕೆ 18ರಂತೆ ಮೂರೂಕಾಲು ವರ್ಷದ ಬಡ್ಡಿ, 63,180. ದಂಡ 20,000. ದಂಡ ತೆರಿಗೆಯ 10% ಅಥವಾ 10,000, ಯಾವುದು ಹೆಚ್ಚೋ ಅದು. ಕೇಂದ್ರದ ಕಾಯ್ದೆಗೆ ಒಂದು, ರಾಜ್ಯದ ಕಾಯ್ದೆಗೆ ಒಂದು ಅಂತ ಲೆಕ್ಕ ಹಾಕುವುದರಿಂದ ಸಣ್ಣವರಿಗೆ ಇದು ಕಮ್ಮಿ ಅಂದರೂ 20,000 ಆಗುತ್ತದೆ. ಎಲ್ಲ ಸೇರಿ 1,91,180.

ಇಂಥ ನೋಟಿಸು ನಿಮ್ಮ ಮನೆಗೆ ಬಂದರೆ ಮೊದಲು ಎರಡು ಕಡೆ ಕಣ್ಣಿಡಿ. ಒಂದು, ಕಾರಣ ಏನೆಂದು ಬರೆದಿದ್ದಾರೆ? ಬರೀ 16(4) ಇದೆಯೋ ಅಥವಾ ಸಗಟು ವ್ಯಾಪಾರಿ ಬಿಲ್ ತೋರಿಸಿಲ್ಲ, ತೆರಿಗೆ ಕಟ್ಟಿಲ್ಲ ಎಂಬ ತಕರಾರೂ ಇದೆಯೋ? ಎರಡಕ್ಕೂ ಉತ್ತರ ಬೇರೆ ಬೇರೆ. ಕಾಕಾನದರಲ್ಲಿ ಸಗಟು ವ್ಯಾಪಾರಿಯ ಬಿಲ್ಲುಗಳೆಲ್ಲ ಪೋರ್ಟಲ್‌ನಲ್ಲಿ ಸರಿಯಾಗಿ ಕಾಣುತ್ತಿದ್ದವು, ತಕರಾರು ಗಡುವಿನದು ಮಾತ್ರ. ಎರಡು, ಬಡ್ಡಿ ಯಾವತ್ತಿನಿಂದ ಶುರುವಾಗಿದೆ? ಸೆಕ್ಷನ್ 50(3)ರ ಪ್ರಕಾರ ತಪ್ಪಾಗಿ ಪಡೆದ ಕ್ರೆಡಿಟ್ಟನ್ನು ಬಳಸಿದ ದಿನದಿಂದ ಮಾತ್ರ ಬಡ್ಡಿ. ಕ್ರೆಡಿಟ್ ಲೆಡ್ಜರಿನಲ್ಲಿ ಬಳಸದೆ ಹಾಗೇ ಬಿದ್ದಿದ್ದರೆ ಬಡ್ಡಿ ಇಲ್ಲ. ಕಾಕಾ ರಿಟರ್ನ್ ಹಾಕಿದ ದಿನವೇ ಬಳಸಿದ್ದರಿಂದ ಅಲ್ಲಿಂದ ಲೆಕ್ಕ ಹಿಡಿದದ್ದು ಸರಿಯೇ ಇತ್ತು.

ಕಟ್ಟಬೇಕೋ, ಹೋರಾಡಬೇಕೋ

ಲೆಕ್ಕದವರು ಹೇಳಿದ್ದು ಸೀದಾ ಮಾತು: "30 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದರೆ ದಂಡ ಮಾಫಿ. ಇಪ್ಪತ್ತು ಸಾವಿರ ಉಳೀತೈತಿ. ಕಟ್ಟಿ ಬಿಡ್ರಿ." ಅವರ ಮಾತು ಕಾನೂನಿನ ಪ್ರಕಾರ ಸರಿ. ಕೋರ್ಟುಗಳೂ ಆಗ ವ್ಯಾಪಾರಿಗಳ ಪರವಾಗಿರಲಿಲ್ಲ. ತಿರುಮಲಕೊಂಡ ಪ್ಲೈವುಡ್ಸ್ ಪ್ರಕರಣದಲ್ಲಿ 2023ರ ಜುಲೈನಲ್ಲಿ ಆಂಧ್ರಪ್ರದೇಶ ಹೈಕೋರ್ಟು, ಇನ್‌ಪುಟ್ ಕ್ರೆಡಿಟ್ ಎಂಬುದು ಕಾಯ್ದೆ ಕೊಟ್ಟ ರಿಯಾಯಿತಿ, ಅದಕ್ಕೆ ಗಡುವು ಹಾಕುವುದು ತಪ್ಪಲ್ಲ, ವಿಳಂಬ ಶುಲ್ಕ ಕಟ್ಟಿಸಿಕೊಂಡು ರಿಟರ್ನ್ ಸ್ವೀಕರಿಸಿದ ಮಾತ್ರಕ್ಕೆ ಗಡುವು ಸಡಿಲವಾಗದು ಎಂದಿತ್ತು. ಅದೇ ವರ್ಷ ಪಟ್ನಾ ಹೈಕೋರ್ಟು ಕೂಡ 16(4)ನ್ನು ಎತ್ತಿಹಿಡಿಯಿತು.

ಇಲಾಖೆಯ ವಾದದಲ್ಲೂ ಹುರುಳಿಲ್ಲ ಅಂತಿಲ್ಲ. ಗಡುವೇ ಇಲ್ಲದಿದ್ದರೆ ಹತ್ತು ವರ್ಷದ ಹಿಂದಿನ ಬಿಲ್ ತಂದು ಇವತ್ತಿನ ತೆರಿಗೆಯಲ್ಲಿ ಕಳೆಯಬಹುದು, ಆ ಬಿಲ್ ಖೊಟ್ಟಿಯೋ ನಿಜವೋ ಪರಿಶೀಲಿಸುವುದು ಕಷ್ಟ. ನನ್ನ ತಕರಾರು ಗಡುವಿನ ಮೇಲಲ್ಲ, ಗಡುವು ತಪ್ಪಿದ್ದಕ್ಕೆ ಕೊಡೋ ಶಿಕ್ಷೆಯ ಮೇಲೆ. ಸರ್ಕಾರಕ್ಕೆ ಬರಬೇಕಾದ 1,18,800 ಪೂರ್ತಿ ಬಂದಾಗಿದೆ. ತಡವಾದ ಹಣಕ್ಕೆ ಬಡ್ಡಿ ಬಂದಿದೆ, ತಡವಾದ ರಿಟರ್ನಿಗೆ ಶುಲ್ಕ ಬಂದಿದೆ. ಇದರ ಮೇಲೆ ಇನ್ನೊಂದು 1,08,000 ಕೇಳುವುದೆಂದರೆ 18% ಇದ್ದ ತೆರಿಗೆ ಹೆಚ್ಚೂಕಮ್ಮಿ 34% ಆದಂತೆ.

ನಾವು DRC-06ರಲ್ಲಿ ಇದನ್ನೇ ಬರೆದು ಉತ್ತರ ಕೊಟ್ಟೆವು. ಆಸ್ಪತ್ರೆಯ ಕಾಗದ, ಬಿಲ್ಲುಗಳು, ಹಣ ಕೊಟ್ಟ ಬ್ಯಾಂಕ್ ದಾಖಲೆ ಎಲ್ಲ ಹಚ್ಚಿದೆವು. ಕಚೇರಿಯಲ್ಲಿ ಅಧಿಕಾರಿ ಸಮಾಧಾನದಿಂದಲೇ ಕೇಳಿಸಿಕೊಂಡರು. "ನಿಮ್ಮ ಕಷ್ಟ ಗೊತ್ತಾಗ್ತದ್ರಿ. ಆದ್ರ ತಾರೀಕು ದಾಟಿದ್ರ ಬಿಡೋ ಅಧಿಕಾರ ನನಗಿಲ್ಲ" ಅಂದರು. ನಿಜಕ್ಕೂ ಇರಲಿಲ್ಲ. 16(4)ರಲ್ಲಿ ಕಾರಣ ನೋಡಿ ಮನ್ನಿಸುವ ಅವಕಾಶವೇ ಇಲ್ಲ. ಏಪ್ರಿಲ್‌ನಲ್ಲಿ ಪೂರ್ತಿ ಮೊತ್ತಕ್ಕೆ ಆದೇಶ ಬಂತು.

ಮೇಲ್ಮನವಿಗೆ ಮೂರು ತಿಂಗಳ ಕಾಲ ಇತ್ತು. ಅದಕ್ಕೆ ವಿವಾದದ ತೆರಿಗೆಯ 10%, ಅಂದರೆ 10,800 ರೂಪಾಯಿ ಮೊದಲೇ ಕಟ್ಟಬೇಕು. ಅದನ್ನು ಹೊಂದಿಸೋದರಲ್ಲಿ ಇದ್ದಾಗಲೇ ಸುದ್ದಿ ಬಂತು.

ಕಾನೂನೇ ತಿರುಗಿತು

2024ರ ಜೂನ್ 22ರಂದು ಜಿಎಸ್‌ಟಿ ಮಂಡಳಿಯ 53ನೇ ಸಭೆ ಗಡುವನ್ನು ಹಿಂದಿನ ವರ್ಷಗಳಿಗೆ ಸಡಿಲಿಸಲು ಶಿಫಾರಸು ಮಾಡಿತು. ಅದೇ ವರ್ಷದ ಹಣಕಾಸು ಕಾಯ್ದೆಯಲ್ಲಿ ಸೆಕ್ಷನ್ 16(5) ಸೇರಿತು. 2017-18ರಿಂದ 2020-21ರವರೆಗಿನ ನಾಲ್ಕು ಸಾಲಿನ ಬಿಲ್ಲುಗಳ ಕ್ರೆಡಿಟ್ಟನ್ನು 2021ರ ನವೆಂಬರ್ 30ರೊಳಗೆ ಹಾಕಿದ ಯಾವುದೇ ರಿಟರ್ನಿನಲ್ಲಿ ತಗೊಂಡಿದ್ದರೂ ಸಿಂಧು. ಇದು 2017ರ ಜುಲೈ 1ರಿಂದಲೇ ಪೂರ್ವಾನ್ವಯ. ಸೆಪ್ಟೆಂಬರ್ 27ರಿಂದ ಜಾರಿಗೂ ಬಂತು.

ಆ ನವೆಂಬರ್ 30 ಆಕಾಶದಿಂದ ಬಿದ್ದ ತಾರೀಕಲ್ಲ. 2021ರಲ್ಲಿ ಸರ್ಕಾರ ಎರಡನೇ ಸಲ ವಿಳಂಬ ಶುಲ್ಕ ರಿಯಾಯಿತಿ ಕೊಟ್ಟಿತ್ತು. ಆ ರಿಯಾಯಿತಿಯೂ ಮುಗಿದದ್ದು ಅದೇ 2021ರ ನವೆಂಬರ್ 30ಕ್ಕೆ. ಕರೆದಾಗ ಬಂದವರನ್ನು ಶಿಕ್ಷಿಸಿದ್ದು ಸರಿಯಲ್ಲ ಅಂತ ಮೂರು ವರ್ಷದ ಮೇಲೆ ಒಪ್ಪಿಕೊಂಡಂತೆಯೇ ನಾನು ಇದನ್ನು ಓದುತ್ತೇನೆ.

ಆದರೆ ಈ ಪರಿಹಾರ ತಾನಾಗಿಯೇ ಬರಲಿಲ್ಲ. ಆಗಲೇ ಆದೇಶ ಆಗಿ, ಮೇಲ್ಮನವಿ ಹಾಕದೆ ಇದ್ದವರು ಆದೇಶ ತಿದ್ದಿಸಲು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಅದಕ್ಕೆ 2024ರ ಅಕ್ಟೋಬರ್ 8ರಿಂದ ಆರು ತಿಂಗಳ ಗಡುವು. ಗಡುವು ತಪ್ಪಿದವರಿಗೆ ಕೊಟ್ಟ ಪರಿಹಾರಕ್ಕೂ ಒಂದು ಗಡುವು! ಕಾಕಾ ಜನವರಿಯಲ್ಲಿ ಅರ್ಜಿ ಹಾಕಿದ. ಅದರ ಜೊತೆ ಯಾವ ಸಾಲಿನ ಎಷ್ಟು ಕ್ರೆಡಿಟ್ 16(4)ರಡಿ ತಿರಸ್ಕೃತವಾಗಿತ್ತು, ಅದರಲ್ಲಿ ಎಷ್ಟು 16(5)ರಡಿ ಸಿಂಧು ಎಂಬ ಪಟ್ಟಿ ಕೊಡಬೇಕು. ಮಾರ್ಚ್‌ನಲ್ಲಿ ಆದೇಶ ತಿದ್ದುಪಡಿಯಾಗಿ 1,91,180 ಹೋಗಿ ಸೊನ್ನೆ ಆಯಿತು. ಕ್ರೆಡಿಟ್ಟೇ ಸಿಂಧು ಅಂದ ಮೇಲೆ ಬಡ್ಡಿಯೂ ಇಲ್ಲ, ದಂಡವೂ ಇಲ್ಲ.

ಮೊದಲೇ ಕಟ್ಟಿದವರ ಗತಿ

ಕಾಕಾನ ಕಥೆ ಸುಖಾಂತ. ಯರಗಟ್ಟಿಯಲ್ಲಿ ಅವನ ಪರಿಚಯದ ಪೇಂಟ್ ಅಂಗಡಿಯವರದ್ದು ಹಾಗಲ್ಲ. ಅವರಿಗೂ ಅದೇ ಸಾಲಿಗೆ, ಅದೇ ಕಾರಣಕ್ಕೆ ನೋಟಿಸು ಬಂದಿತ್ತು. ಕ್ರೆಡಿಟ್ 40,000. ಅವರು "ಸರ್ಕಾರದ ಸಂಗಾಟ ಯಾಕ ಜಗಳಾ" ಅಂತ ಬಡ್ಡಿ ಸೇರಿಸಿ 63,400 ರೂಪಾಯಿಯನ್ನು DRC-03ರಲ್ಲಿ 30 ದಿನದೊಳಗೇ ಕಟ್ಟಿಬಿಟ್ಟರು. ಕಾನೂನು ತಿರುಗಿದ ಮೇಲೆ ಆ ಹಣ ವಾಪಸ್ ಬರಬಹುದು ಅಂತ ನನ್ನನ್ನು ಕೇಳಿದರು.

ಬರುವುದಿಲ್ಲ. ಅದೇ 2024ರ ಹಣಕಾಸು ಕಾಯ್ದೆಯ ಸೆಕ್ಷನ್ 150 ಸ್ಪಷ್ಟವಾಗಿ ಹೇಳುತ್ತದೆ: ಈ ತಿದ್ದುಪಡಿ ಮೊದಲಿನಿಂದಲೂ ಇದ್ದಿದ್ದರೆ ಕಟ್ಟಬೇಕಾಗಿಯೇ ಇರಲಿಲ್ಲ ಎನ್ನುವಂಥ ತೆರಿಗೆ ಅಥವಾ ವಾಪಸ್ ಮಾಡಬೇಕಾಗಿಯೇ ಇರಲಿಲ್ಲ ಎನ್ನುವಂಥ ಕ್ರೆಡಿಟ್, ಆಗಲೇ ಕಟ್ಟಿಯಾಗಿದ್ದರೆ ಮರುಪಾವತಿ ಇಲ್ಲ.

ಆ ವಾಕ್ಯವನ್ನು ಇನ್ನೊಂದು ಸಲ ಓದಿ. ಈ ಹಣ ನಿಮ್ಮಿಂದ ತಗೊಳ್ಳಬೇಕಿರಲಿಲ್ಲ ಅಂತ ಕಾನೂನೇ ಒಪ್ಪುತ್ತದೆ. ಆದರೂ ವಾಪಸ್ ಕೊಡುವುದಿಲ್ಲ ಅನ್ನುತ್ತದೆ. ಒಂದೇ ತಪ್ಪು ಮಾಡಿದ ಇಬ್ಬರಲ್ಲಿ ನೋಟಿಸಿಗೆ ಬೆಲೆ ಕೊಟ್ಟು ತಕ್ಷಣ ಕಟ್ಟಿದವರು ಸೋತರು, ಕಟ್ಟದೆ ಕೂತ ನಮ್ಮ ಕಾಕಾ ಗೆದ್ದ. ಮುಂದಿನ ಸಲ ನೋಟಿಸು ಬಂದಾಗ ಸವದತ್ತಿ ತಾಲ್ಲೂಕಿನ ವ್ಯಾಪಾರಿಗಳು ಯಾರ ದಾರಿ ಹಿಡಿಯುತ್ತಾರೆ ಅಂತ ಬೇರೆ ಹೇಳಬೇಕೇ?

ಈಗಲೂ ಇರುವ ಗಡುವು

16(5) ಎಲ್ಲ ಕಾಲಕ್ಕೂ ಸಿಕ್ಕ ಮಾಫಿಯಲ್ಲ. 2021-22ರಿಂದ ಈಚಿನ ಸಾಲುಗಳಿಗೆ ಅದು ಅನ್ವಯಿಸುವುದಿಲ್ಲ. ಅವಕ್ಕೆ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಗಡುವು. ವಾರ್ಷಿಕ ರಿಟರ್ನನ್ನು ಮೊದಲೇ ಹಾಕಿದ್ದರೆ ಆ ದಿನವೇ ಗಡುವು. 2025ರ ಮಾರ್ಚ್‌ನ ಬಿಲ್ಲಿನ ಕ್ರೆಡಿಟ್ 2025ರ ನವೆಂಬರ್ 30ಕ್ಕೆ ಮುಗಿಯಿತು. 2025ರ ಏಪ್ರಿಲ್‌ನ ಬಿಲ್ಲಿಗೆ 2026ರ ನವೆಂಬರ್ 30ರವರೆಗೆ ಕಾಲ ಇದೆ. ಗಡುವಿನೊಳಗೆ ಆಗಬೇಕಾದದ್ದು ಬಿಲ್ ಬರೆಯುವುದಲ್ಲ, ಕ್ರೆಡಿಟ್ ತೋರಿಸಿದ 3ಬಿ ಸಲ್ಲಿಕೆ. ಹಿಂದಿನ ತಿಂಗಳುಗಳು ಬಾಕಿ ಇದ್ದರೆ ಅವನ್ನು ಮೊದಲು ಮುಗಿಸಬೇಕಾದ್ದರಿಂದ ನವೆಂಬರ್ 29ಕ್ಕೆ ಎಚ್ಚರಾದರೆ ಸಾಲದು.

ಕೇಳಬೇಕಾದದ್ದು ದೊಡ್ಡ ಉಪಕಾರವೇನಲ್ಲ. ಗಡುವು ದಾಟಿದ ಕ್ರೆಡಿಟ್ಟನ್ನು ವ್ಯಾಪಾರಿ ಕಾಲಮ್ಮಿನಲ್ಲಿ ತುಂಬಿದ ಕ್ಷಣವೇ ಪೋರ್ಟಲ್ ತಡೆದು ಹೇಳಲಿ. ಮೂರು ವರ್ಷದ ಮೇಲೆ ಅದೇ ಎರಡು ತಾರೀಕನ್ನು ಹೋಲಿಸಿ ನೋಟಿಸು ತಯಾರಿಸಬಲ್ಲ ಕಂಪ್ಯೂಟರಿಗೆ ಅವತ್ತೇ ಹೋಲಿಸುವುದು ಕಷ್ಟವಲ್ಲ. ಮತ್ತು ಸೆಕ್ಷನ್ 150ರ ಆ ವಾಕ್ಯ ಹೋಗಲಿ.

ಹೋದ ತಿಂಗಳು ಹೂಲಿಗೆ ಹೋದಾಗ ಕಾಕಾನ ಜಿಎಸ್‌ಟಿ ಖಾತೆಯ ಇಮೇಲ್ ಮತ್ತು ಮೊಬೈಲ್ ನಂಬರು ಬದಲಿಸಿ ಅವನ ಮಗಳದ್ದು ಹಾಕಿದೆವು. ಪ್ರತಿ ತಿಂಗಳು 20ಕ್ಕೆ ಅವಳು ರಿಟರ್ನ್ ಹೋಗಿದೆಯಾ ಅಂತ ತಾನೇ ಲಾಗಿನ್ ಆಗಿ ನೋಡುತ್ತಾಳೆ. ಯರಗಟ್ಟಿಯ ಪೇಂಟ್ ಅಂಗಡಿಯವರು ಮಾತ್ರ ಆ DRC-03ರ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಎಂದಾದರೂ ಬೇಕಾಗಬಹುದು ಅಂತ.